ಮೈಲುತುತ್ತದ ರೇಟು: ಹೋಲ್‌ಸೇಲಿನವರ ಹತ್ರ ಕೆಜಿಗೆ ಎಷ್ಟು ಇಳಿಸಬಹುದು, ಯಾಕೆ ಇಳಿಸ್ತಾರೆ

ಹೋದ ವರ್ಷ ನಮ್ಮ ಕೇರಿಯ ಹತ್ತು ಮನೆಯವರು ಸೇರಿ ಶಿವಮೊಗ್ಗದ ಹೋಲ್‌ಸೇಲ್ ಅಂಗಡಿಯಿಂದ ಮೈಲುತುತ್ತ ತಂದದ್ದು ಸುಮಾರು ಜನಕ್ಕೆ ಗೊತ್ತು. "ಎಷ್ಟಕ್ಕೆ ಸಿಕ್ತು, ಹೆಂಗೆ ಇಳಿಸಿದ್ರಿ" ಅಂತ ಫೋನಿನಲ್ಲಿ ಕೇಳಿದವರಿಗೆಲ್ಲ ಅರ್ಧರ್ಧ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೀತೇನೆ. ಇಲ್ಲಿ ಹೇಳುವ ರೇಟು ಆವತ್ತಿನದು. ತಾಮ್ರದ ಬೆಲೆ ಏರಿದ ಹಾಗೆ ತುತ್ತವೂ ಏರುತ್ತದೆ, ಹಾಗಾಗಿ ಇವತ್ತಿನ ರೇಟಿಗೆ ಇದನ್ನು ಹೊಂದಿಸಬೇಡಿ. ಲೆಕ್ಕ ಮಾಡುವ ಕ್ರಮ ಮಾತ್ರ ನೋಡಿಕೊಳ್ಳಿ.

ಮೊದಲು ನಮಗೆ ಬೇಕಾದ್ದು ಎಷ್ಟು ಅಂತ ಬರೆದುಕೊಂಡೆವು. ಹತ್ತು ಮನೆ ಸೇರಿ 27 ಎಕರೆ ಅಡಿಕೆ. 200 ಲೀಟರಿನ ಒಂದು ಬ್ಯಾರೆಲ್ಲಿಗೆ 2 ಕೆಜಿ ತುತ್ತ, 2 ಕೆಜಿ ಸುಣ್ಣ. ನಮ್ಮ ಕಡೆ ಎಕರೆಗೆ ಮೂರೂವರೆ ಬ್ಯಾರೆಲ್ ಹಿಡಿಯುತ್ತದೆ, ಅಂದ್ರೆ ಒಂದು ಸಲಕ್ಕೆ 7 ಕೆಜಿ ತುತ್ತ. ಮಳೆ ಹಿಡಿಯುವ ಮೊದಲು ಒಂದು ಸಲ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆದರೆ ಎಕರೆಗೆ 14 ಕೆಜಿ. 27 ಎಕರೆಗೆ 378 ಕೆಜಿ. 50 ಕೆಜಿಯ ಚೀಲ ಆದ್ದರಿಂದ ಎಂಟು ಚೀಲ, 400 ಕೆಜಿ ಅಂತ ಮಾಡಿದೆವು. ಉಳಿಯುವ 22 ಕೆಜಿ ಕಾಳುಮೆಣಸಿಗೂ ಆಗುತ್ತದೆ, ಮಳೆ ಜಾಸ್ತಿಯಾಗಿ ಸ್ವಲ್ಪ ಜಾಗಕ್ಕೆ ಮೂರನೇ ಸಲ ಹೊಡೆಯಬೇಕಾದರೂ ಆಗುತ್ತದೆ.

ನಮ್ಮ ಪೇಟೆಯಲ್ಲಿ ಆಗ ಬಿಡಿ ಮಾಲು ರೊಕ್ಕ ಕೊಟ್ಟರೆ ಕೆಜಿಗೆ 290 ರೂಪಾಯಿ ಇತ್ತು. ಲೆಕ್ಕಕ್ಕೆ ಬರೆಸಿದರೆ 300. ಕೊಳೆರೋಗಕ್ಕೆ ಹೊಡೆಯದೆ ಬಿಡುವ ಹಾಗಿಲ್ಲ, ಒಂದು ವರ್ಷ ಬಿಟ್ಟರೆ ತೋಟದಲ್ಲಿ ಉದುರಿದ ಕಾಯಿ ಹೆಕ್ಕುವುದೇ ಕೆಲಸ. ಬೇಕೇ ಬೇಕಾದ ಮಾಲು ಅಂತ ಅಂಗಡಿಯವರಿಗೂ ಗೊತ್ತಿರುತ್ತದೆ. ಮೇ ಕೊನೆಯಲ್ಲಿ, ಆಕಾಶ ಕಪ್ಪಾದ ಮೇಲೆ ಹೋಗಿ ರೇಟು ಕಡಿಮೆ ಮಾಡಿ ಅಂದ್ರೆ ಯಾರು ಮಾಡ್ತಾರೆ? ಅದಕ್ಕೇ ನಾವು ಏಪ್ರಿಲ್ ನಡುವಿಗೇ ಹೊರಟೆವು.

ಈಗ ಮುಖ್ಯ ವಿಷಯ. ಹೋಲ್‌ಸೇಲಿನವರು ರೇಟು ಇಳಿಸುವುದು ನಮ್ಮ ಮುಖ ನೋಡಿ ಅಲ್ಲ. ನಮ್ಮಿಂದ ಅವರಿಗೆ ಎಷ್ಟು ಖರ್ಚು ಉಳಿಯುತ್ತದೋ ಅದರಲ್ಲಿ ಒಂದು ಪಾಲು ನಮಗೆ ಬಿಡುತ್ತಾರೆ, ಅಷ್ಟೇ. ಅವರ ರೇಟಿನೊಳಗೆ ಮಾಲಿನ ಅಸಲು ಬಿಟ್ಟರೆ ಇನ್ನೂ ಕೆಲವು ಸೇರಿರುತ್ತವೆ. ಲಾರಿಯಿಂದ ಇಳಿಸಿ ಗೋಡೌನಿಗೆ ಹಾಕಿ, ಅಲ್ಲಿಂದ ಮತ್ತೆ ಹೇರುವ ಹಮಾಲಿ. ಐದು ಕೆಜಿ ಹತ್ತು ಕೆಜಿ ತೂಗಿ ಕೊಡುವ ಆಳಿನ ಸಂಬಳ. ಸಾಲಕ್ಕೆ ಕೊಟ್ಟ ಮಾಲಿನ ದುಡ್ಡು ಬರುವ ತನಕ ಬ್ಯಾಂಕಿಗೆ ಅವರು ಕಟ್ಟುವ ಬಡ್ಡಿ. ಮತ್ತೆ, ಬಾರದೇ ಹೋಗುವ ಬಾಕಿಯ ಹೆದರಿಕೆ. ಹೆಚ್ಚು ಮಾಲು ತಗೊಂಡರೆ ಮೊದಲಿನ ಎರಡು ಕಡಿಮೆಯಾಗುತ್ತವೆ, ಬೇಗ ದುಡ್ಡು ಕೊಟ್ಟರೆ ಕೊನೆಯ ಎರಡು. ಇವು ಬೇರೆ ಬೇರೆ ಉಳಿತಾಯ. ಹಾಗಾಗಿ ಬೇರೆ ಬೇರೆಯಾಗಿಯೇ ಕೇಳಬೇಕು. "ಎಂಟು ಚೀಲ ತಗೊಳ್ತೇವೆ, ಕ್ಯಾಶ್ ಕೊಡ್ತೇವೆ, ಎಷ್ಟು ಬಿಡ್ತೀರಿ" ಅಂತ ಒಟ್ಟಿಗೆ ಕೇಳಿದರೆ ಅವರು ಒಂದೇ ಒಂದು ಸಣ್ಣ ಅಂಕಿ ಹೇಳಿ ಎರಡನ್ನೂ ಮುಗಿಸಿಬಿಡುತ್ತಾರೆ.

ಮೊದಲು ಮೂರು ಅಂಗಡಿಗೆ ಒಂದೇ ದಿನ ಫೋನ್ ಮಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ: ತಾಮ್ರ ನೂರಕ್ಕೆ 24ಕ್ಕೆ ಕಡಿಮೆ ಇಲ್ಲದ ಮಾಲು, 50 ಕೆಜಿ ಚೀಲ, ಜಿಎಸ್‌ಟಿ ಸೇರಿಸಿ, ನಿಮ್ಮ ಗೋಡೌನಿನಲ್ಲಿ ಕೊಡುವ ರೇಟು ಎಷ್ಟು? ಇಷ್ಟನ್ನೂ ಹೇಳಿಯೇ ಕೇಳಬೇಕು. ಒಬ್ಬರು ಜಿಎಸ್‌ಟಿ ಬಿಟ್ಟು ಹೇಳ್ತಾರೆ, ಇನ್ನೊಬ್ಬರು ಸೇರಿಸಿ ಹೇಳ್ತಾರೆ. ಕಡಿಮೆ ಹೇಳಿದವರೇ ಕೊನೆಗೆ ಜಾಸ್ತಿ ಆಗಿರ್ತಾರೆ. ಒಂದು ಚೀಲಕ್ಕೆ ಕೆಜಿ ಲೆಕ್ಕದಲ್ಲಿ 272, 270, 268 ಅಂತ ಬಂತು. 268 ಹೇಳಿದವರಲ್ಲಿ ಎಂಟು ಚೀಲ ಒಟ್ಟಿಗೆ ಸಿಗುವ ಹಾಗಿರಲಿಲ್ಲ. ಹಾಗಾಗಿ 270 ಹೇಳಿದವರ ಹತ್ರ ನಾನು ಮತ್ತು ನಮ್ಮ ಪಕ್ಕದ ಮನೆಯವರು ಹೋದೆವು.

ಅಲ್ಲಿ ಹೋಗಿ ನಾವು ಎಷ್ಟು ತಗೊಳ್ತೇವೆ ಅಂತ ಮೊದಲೇ ಹೇಳಲಿಲ್ಲ. "ಸಾಹುಕಾರ್ರೆ, ಒಂದು ಚೀಲಕ್ಕೆ ಒಂದು ರೇಟು ಹೇಳಿದ್ರಿ. ಐದು ಆದ್ರೆ ಎಷ್ಟು, ಹತ್ತು ಆದ್ರೆ ಎಷ್ಟು, ಒಂದು ಟನ್ ಆದ್ರೆ ಎಷ್ಟು?" ಅಂತ ಕೇಳಿದೆ. ಹೀಗೆ ಕೇಳಿದರೆ ರೇಟು ಎಲ್ಲೆಲ್ಲಿ ಮೆಟ್ಟಿಲು ಇಳಿಯುತ್ತದೆ ಅಂತ ಗೊತ್ತಾಗುತ್ತದೆ. ಅವರು ಹೇಳಿದ್ದು: ಐದು ಚೀಲದಿಂದ ಮೇಲೆ 264, ಒಂದು ಟನ್ ಅಂದ್ರೆ ಇಪ್ಪತ್ತು ಚೀಲಕ್ಕೆ 258. ಐದಕ್ಕೂ ಹತ್ತಕ್ಕೂ ವ್ಯತ್ಯಾಸ ಇಲ್ಲ. ಈ ರೇಟೆಲ್ಲ ಎರಡು ತಿಂಗಳ ವಾಯಿದೆಗೆ.

ಅಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ಎಂಟು ಇದ್ದದ್ದನ್ನು ಹತ್ತು ಮಾಡಿದರೆ ನಮಗೆ ಒಂದು ಪೈಸೆ ಲಾಭ ಇಲ್ಲ. ಮುಂದಿನ ಮೆಟ್ಟಿಲು ಇಪ್ಪತ್ತು ಚೀಲದಲ್ಲಿ. ನಮ್ಮ ಜೊತೆ ಬಂದವರು "ಇಪ್ಪತ್ತೇ ಹೇಳಿ ಬಿಡುವ, ಪಕ್ಕದ ಊರಿನವರನ್ನು ಸೇರಿಸಿಕೊಂಡ್ರಾಯ್ತು" ಅಂತ ಪಿಸುಗುಟ್ಟಿದರು. ನಾನು ಬೇಡ ಅಂದೆ. ಹಿಂದಿನ ವರ್ಷ ನಮಗೆ ಗೊತ್ತಿರುವ ಒಂದು ಗುಂಪಿನವರು ಹಾಗೆ ಇಪ್ಪತ್ತು ಹೇಳಿ, ಕೊನೆಗೆ ಹನ್ನೊಂದು ಚೀಲ ಮಾತ್ರ ಎತ್ತಿದ್ದರು. ಅಂಗಡಿಯವರು ಹನ್ನೊಂದಕ್ಕೂ ನಡುವಿನ ರೇಟೇ ಹಾಕಿ ಬಿಲ್ ಮಾಡಿದರು. ಇಪ್ಪತ್ತರ ರೇಟು ನಂಬಿ ಮನೆ ಮನೆಯಿಂದ ದುಡ್ಡು ಎತ್ತಿದವರು ವ್ಯತ್ಯಾಸ ಕೈಯಿಂದ ಹಾಕಿದರು. ಪುನಃ ಆ ಅಂಗಡಿಯಲ್ಲಿ ಅವರ ಮಾತಿಗೆ ಬೆಲೆ ಇಲ್ಲ. ದುಡ್ಡು ಕೈಗೆ ಬಂದಷ್ಟೇ ಮಾಲು ಹೇಳಬೇಕು. ನಾವು ಹೊರಡುವ ಮೊದಲೇ ಒಂಬತ್ತು ಮನೆಯವರು ದುಡ್ಡು ಕೊಟ್ಟಾಗಿತ್ತು.

ಹಾಗಾದರೆ 264ಕ್ಕಿಂತ ಕೆಳಗೆ ಹೋಗುವುದಕ್ಕೆ ಏನು ದಾರಿ? ಅವರಿಗೆ ಇನ್ನೇನು ಉಳಿಸಬಹುದು ಅಂತ ನೋಡಬೇಕು. ಅವರ ಹೊಸ ಲೋಡು ಆ ವಾರವೇ ಬರುವುದಿತ್ತು. "ನಮ್ಮ ಎಂಟು ಚೀಲ ಗೋಡೌನಿಗೆ ಇಳಿಸಲೇ ಬೇಡಿ. ಲಾರಿ ಬರುವ ದಿನ ಹೇಳಿ, ನಮ್ಮ ಪಿಕಪ್ ಪಕ್ಕದಲ್ಲೇ ನಿಲ್ಲಿಸ್ತೇವೆ, ಲಾರಿಯಿಂದ ಅದಕ್ಕೇ ಹಾಕುವ. ಹೇರೋದಕ್ಕೆ ನಮ್ಮ ಜನವೇ ಇರ್ತಾರೆ" ಅಂದೆ. ಅವರು ಸ್ವಲ್ಪ ಯೋಚನೆ ಮಾಡಿ ಒಂದು ರೂಪಾಯಿ ಬಿಟ್ಟರು. 263. ಒಂದು ರೂಪಾಯಿ ಅಂತ ನಗಬೇಡಿ. ಒಂದು ಚೀಲಕ್ಕೆ 50 ರೂಪಾಯಿ ಆಯಿತು. ಎರಡು ಸಲದ ಹಮಾಲಿ ಅದರೊಳಗೇ ಇದೆ. ಅದಕ್ಕಿಂತ ಜಾಸ್ತಿ ಕೇಳಿದರೆ ಅವರ ಕೈಯಿಂದ ಹೋಗುತ್ತದೆ, ಕೊಡುವುದಿಲ್ಲ.

ಮಾಲಿನ ಮಾತು ಅಲ್ಲಿಗೆ ಮುಗಿಯಿತು. ಚಾ ಬಂತು. ಚಾ ಕುಡಿದ ಮೇಲೆ ದುಡ್ಡಿನ ಮಾತು ತೆಗೆದೆ.

"ಇದು ಎರಡು ತಿಂಗಳ ವಾಯಿದೆ ರೇಟಲ್ವಾ ಸಾಹುಕಾರ್ರೆ? ಮಾಲು ಹೇರಿದ ದಿನವೇ ಅಕೌಂಟಿಗೆ ಹಾಕಿದ್ರೆ ಎಷ್ಟು?"

"ಕ್ಯಾಶಾದ್ರೆ ಮೂರು ರೂಪಾಯಿ ಕಡಿಮೆ ಮಾಡ್ವ ಗೌಡ್ರೆ."

ಮೂರು ರೂಪಾಯಿ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಲೇಬೇಕು. ಎರಡು ತಿಂಗಳು ಬಿಟ್ಟು ಕೊಡಬಹುದಾದ 263 ರೂಪಾಯಿಯನ್ನು ಇವತ್ತೇ ಕೊಟ್ಟದ್ದಕ್ಕೆ ಅವರು 3 ರೂಪಾಯಿ ಕೊಡ್ತಾರೆ. ನೂರಕ್ಕೆ ಲೆಕ್ಕ ಹಾಕಿದರೆ ಎರಡು ತಿಂಗಳಿಗೆ 1 ರೂಪಾಯಿ 14 ಪೈಸೆ, ತಿಂಗಳಿಗೆ 57 ಪೈಸೆ. ಅಂದ್ರೆ ನಾವು ಅವರಿಗೆ ನೂರಕ್ಕೆ 57 ಪೈಸೆ ಬಡ್ಡಿಯಲ್ಲಿ ಸಾಲ ಕೊಟ್ಟ ಹಾಗೆ. ಈಗ ನಮ್ಮ ಕೈಯಲ್ಲಿರುವ ದುಡ್ಡು ಎಲ್ಲಿಂದ ಬಂದದ್ದು? ಮನೆಯಲ್ಲಿ ಸುಮ್ಮನೆ ಇಟ್ಟದ್ದಾದರೆ ಲಾಭ. ವರ್ಷಕ್ಕೆ ನೂರಕ್ಕೆ 7ರ ಬೆಳೆಸಾಲವಾದರೆ ತಿಂಗಳಿಗೆ 58 ಪೈಸೆ ಬೀಳುತ್ತದೆ, ಅಲ್ಲಿಗಲ್ಲಿಗೆ ಆಯಿತು. ಸಮಯಕ್ಕೆ ಸರಿಯಾಗಿ ಕಟ್ಟಿ ಬಡ್ಡಿ ರಿಯಾಯಿತಿ ಸಿಕ್ಕಿದವರಿಗೆ ಸ್ವಲ್ಪ ಉಳಿಯುತ್ತದೆ. ಚಿನ್ನ ಇಟ್ಟು ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಲ್ಲಿ ತಂದದ್ದಾದರೆ 3 ರೂಪಾಯಿ ಬಿಡಿಸಿಕೊಂಡು ಐದು ಕಾಲು ರೂಪಾಯಿ ಬಡ್ಡಿ ಕಟ್ಟಿದ ಹಾಗೆ. ಕೈಸಾಲ ಮಾಡಿ ಕ್ಯಾಶ್ ಕೊಡುವುದಂತೂ ಮಾತಾಡುವುದೇ ಬೇಡ. ಅಂಥವರು ವಾಯಿದೆಗೇ ತಗೊಳ್ಳುವುದು ಒಳ್ಳೆಯದು.

ಆಚೆ ಕಡೆಯ ಲೆಕ್ಕವನ್ನೂ ಹಾಕಿದೆ. ವ್ಯಾಪಾರದವರು ಬ್ಯಾಂಕಿನ ಓಡಿ ಮೇಲೆ ನಡೆಸ್ತಾರೆ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಹತ್ತಿರ ಅಂತ ಹಿಡಿದರೆ 263ಕ್ಕೆ ಎರಡು ತಿಂಗಳಿಗೆ 5 ರೂಪಾಯಿ 26 ಪೈಸೆ. ವಾಯಿದೆ ಎರಡು ತಿಂಗಳು ಅಂದರೂ ನಮ್ಮ ಕಡೆ ಮೂರು ತಿಂಗಳಿಗೆ ಮೊದಲು ಯಾರು ಕೊಡ್ತಾರೆ? ಅದರ ಮೇಲೆ ಫೋನು, ಓಡಾಟ, ಮುಳುಗುವ ಬಾಕಿ. ಹಾಗಾಗಿ ಅವರಿಗೆ ಕೆಜಿಗೆ ಕಡಿಮೆ ಅಂದರೂ ಆರೇಳು ರೂಪಾಯಿ ಉಳಿಯುತ್ತದೆ. ನಮಗೆ ಬೀಳುವುದು 3, ಅವರಿಗೆ ಉಳಿಯುವುದು 7. ಚೌಕಾಸಿಗೆ ಇರುವ ಜಾಗ ಇದರ ನಡುವೆ. ಇದಕ್ಕಿಂತ ಕೆಳಗೆ ಒಪ್ಪಿದರೆ ನಮಗೆ ನಷ್ಟ, ಮೇಲೆ ಕೇಳಿದರೆ ಅವರು ಒಪ್ಪುವುದಿಲ್ಲ.

"ಮೂರಕ್ಕೆ ಆಗೋದಿಲ್ಲ ಸಾಹುಕಾರ್ರೆ. ನಮ್ಮ ಬೆಳೆಸಾಲದ ಬಡ್ಡಿಯೇ ಅಷ್ಟಾಗ್ತದೆ. ಏಳು ಬಿಡಿ, ಲಾರಿ ಬಂದ ದಿನವೇ ಪೂರ್ತಿ ದುಡ್ಡು."

"ಎಂತ ಮಾರಾಯ್ರೆ, ಏಳು ಬಿಟ್ರೆ ನಂಗೆಂತ ಉಳೀತದೆ?"

"ಎರಡು ತಿಂಗಳ ಬಡ್ಡಿ ನಿಮಗೂ ಬೀಳ್ತದಲ್ವಾ? ಇದು ಒಂದು ಲಕ್ಷದ ಮೇಲಿನ ಬಿಲ್ಲು. ಹತ್ತು ಮನೆಗೆ ನೀವು ಫೋನ್ ಮಾಡೋದು ತಪ್ಪಿತು."

ಐದು ಅಂದರು. ನಾನು ಸುಮ್ಮನೆ ಕೂತೆ. ಕೊನೆಗೆ ಆರಕ್ಕೆ ನಿಂತಿತು. 257. ಈಗ ಮತ್ತೆ ಅದೇ ಲೆಕ್ಕ: 6 ರೂಪಾಯಿ ಅಂದ್ರೆ ನೂರಕ್ಕೆ ತಿಂಗಳಿಗೆ 1 ರೂಪಾಯಿ 14 ಪೈಸೆ. ಚಿನ್ನದ ಸಾಲ ಮಾಡಿ ತಂದವರಿಗೂ ನಷ್ಟವಿಲ್ಲ. ಒಂದು ಟನ್ನಿನ ವಾಯಿದೆ ರೇಟು 258 ಇತ್ತಲ್ಲ, ಎಂಟೇ ಚೀಲಕ್ಕೆ ಅದಕ್ಕಿಂತ ಒಂದು ರೂಪಾಯಿ ಕೆಳಗೆ ಬಂದೆವು. ನಮ್ಮಂಥ ಸಣ್ಣವರಿಗೆ ಮಾಲು ಜಾಸ್ತಿ ಮಾಡುವುದು ಕಷ್ಟ. ದುಡ್ಡು ಬೇಗ ಕೊಡುವುದು ಸಾಧ್ಯವಾದರೆ ಅದರಲ್ಲೇ ಇಳಿಸಿಕೊಳ್ಳಬಹುದು.

ಇಲ್ಲಿ ಒಂದು ಮಾತು. ಬೇಗ ದುಡ್ಡು ಕೊಡುವುದು ಅಂದ್ರೆ ಮಾಲು ನೋಡುವ ಮೊದಲೇ ಪೂರ್ತಿ ಕೊಡುವುದು ಅಲ್ಲ. ಆವತ್ತು 10,000 ಮುಂಗಡ ಕೊಟ್ಟು, ರೇಟು, ಚೀಲ, ಮಾಲಿನ ಗುಣ ಎಲ್ಲ ಬರೆದ ಚೀಟಿ ತಗೊಂಡೆವು. ಲಾರಿ ಬಂದ ದಿನ ಎರಡು ಚೀಲ ತೂಗಿಸಿದೆವು, ಒಂದು ಚೀಲ ಬಿಚ್ಚಿಸಿ ನೋಡಿದೆವು. ಒಳ್ಳೆ ತುತ್ತ ಗಾಢ ನೀಲಿ ಹರಳು. ಒಂದು ಗ್ಲಾಸ್ ನೀರಿಗೆ ಹಾಕಿ ಕಲಸಿದರೆ ತಿಳಿ ನೀಲಿಯಾಗಿ ಕರಗಬೇಕು. ಬಣ್ಣ ಹಸಿರಿಗೆ ತಿರುಗಿದ್ದರೆ ಕಬ್ಬಿಣದ ಸಲ್ಫೇಟ್ ಬೆರೆಸಿದ್ದಾರೋ ಅಂತ ಅನುಮಾನ ಪಡಬೇಕು. ಅಡಿಯಲ್ಲಿ ಮಣ್ಣಿನ ಹಾಗೆ ಕೂತರೂ ತಗೊಳ್ಳಬಾರದು. ಎಲ್ಲ ಸರಿ ಇದ್ದ ಮೇಲೆ ಉಳಿದ 92,800 ಬಿಲ್ಲಿನಲ್ಲಿರುವ ಹೆಸರಿನ ಅಕೌಂಟಿಗೇ ಹಾಕಿದೆವು. ಬೇರೆ ಹೆಸರಿನ ಅಕೌಂಟ್ ಕೊಟ್ಟರೆ ಹಾಕಬೇಡಿ.

"ಬಿಲ್ ಬೇಡ ಅಂದ್ರೆ ಇನ್ನೂ ನಾಲ್ಕು ಬಿಡ್ವ" ಅಂತ ಕೆಲವು ಕಡೆ ಹೇಳುವುದುಂಟು. ಅದು ರೇಟು ಇಳಿಸಿದ್ದಲ್ಲ, ತೆರಿಗೆ ತಪ್ಪಿಸಿದ್ದು. ನಾಳೆ ಔಷಧಿ ಹಿಡಿಯದೆ ಕೊಳೆ ಬಂದರೆ ನಾವು ಅಲ್ಲಿಂದ ತಂದದ್ದು ಅಂತ ಹೇಳುವುದಕ್ಕೆ ಒಂದು ಕಾಗದ ಕೈಯಲ್ಲಿ ಇರುವುದಿಲ್ಲ.

ಈಗ ನಿಜವಾಗಿ ಎಷ್ಟು ಉಳಿಯಿತು? ಪೇಟೆಯ ರೊಕ್ಕದ ರೇಟು 290ರಲ್ಲಿ 400 ಕೆಜಿಗೆ 1,16,000. ನಾವು ಕೊಟ್ಟದ್ದು 1,02,800. ವ್ಯತ್ಯಾಸ 13,200. ಇದನ್ನು ಮಾತ್ರ ಹೇಳಿ ಮೀಸೆ ತಿರುವಿದರೆ ಆಗುವುದಿಲ್ಲ. ಪಿಕಪ್ ಬಾಡಿಗೆ 3,000 ಹೋಯಿತು. ಏಪ್ರಿಲಿನಲ್ಲಿ ತಂದ ಮಾಲಿನಲ್ಲಿ ಅರ್ಧ ಮೇ ಕೊನೆಗೆ, ಇನ್ನರ್ಧ ಜುಲೈ ನಡುವಿಗೆ ಖರ್ಚಾಗುವುದು. ಅಲ್ಲಿಯವರೆಗೆ ನಮ್ಮ ದುಡ್ಡು ಮೂಲೆಯಲ್ಲಿ ಕೂತ ಹಾಗೆ. ಬೆಳೆಸಾಲದ ಬಡ್ಡಿಯಲ್ಲಿ ಹಾಕಿದರೆ ಅದು ಸುಮಾರು 1,350. ಕಳೆದರೆ 8,850. ಕೆಜಿಗೆ 22 ರೂಪಾಯಿ. ಎರಡು ಎಕರೆಯವರಿಗೆ ಆರುನೂರು ರೂಪಾಯಿ ಉಳಿದ ಹಾಗೆ. ದೊಡ್ಡ ದುಡ್ಡಲ್ಲ, ಎರಡು ಎಕರೆಗೆ ಅಷ್ಟೇ. ಒಬ್ಬನೇ ಒಂದು ಚೀಲ ತರುವುದಕ್ಕೆ ಶಿವಮೊಗ್ಗಕ್ಕೆ ಗಾಡಿ ಮಾಡಿ ಹೋದರೆ ಅದೂ ಉಳಿಯುವುದಿಲ್ಲ. ಬಾಡಿಗೆ ಹತ್ತು ಮನೆಗೆ ಹಂಚಿದ್ದರಿಂದ ಮಾತ್ರ ಈ ಲೆಕ್ಕ ನಿಂತಿತು.

ಹತ್ತನೇ ಮನೆಯ ವಿಷಯ ಹೇಳಬೇಕು. ಮುಕ್ಕಾಲು ಎಕರೆ ತೋಟ ಇರುವ ಮನೆ, ಮಗಳ ಆಸ್ಪತ್ರೆ ಖರ್ಚು ಆಗಷ್ಟೇ ಆಗಿತ್ತು. ಮುಂಗಡ ಕೊಡುವುದಕ್ಕೆ ದುಡ್ಡಿಲ್ಲ ಅಂತ "ನಮ್ಮದು ಬಿಟ್ಟುಬಿಡಿ, ಪೇಟೆಯಲ್ಲೇ ಬರೆಸಿ ತರ್ತೇವೆ" ಅಂದರು. ಬರೆಸಿದರೆ 300. ಇರುವವರಿಗೆ 257, ಇಲ್ಲದವರಿಗೆ 300 ಅಂದ್ರೆ ನಾವು ಗುಂಪು ಕಟ್ಟಿ ಎಂತ ಮಾಡಿದ ಹಾಗಾಯ್ತು? ಅವರಿಗೆ ಬೇಕಾದ್ದು ಹತ್ತೂವರೆ ಕೆಜಿ. ಪಕ್ಕದ ಮನೆಯವರು ಆ ದುಡ್ಡು ಹಾಕಿದರು. ಪುಕ್ಕಟೆ ಸಹಾಯ ಅಂದ್ರೆ ಆ ಮನೆಯವರು ತಗೊಳ್ಳುವವರಲ್ಲ. ಅದಕ್ಕೆ ಅವರಿಗೆ ಹೋಲ್‌ಸೇಲಿನವರ ವಾಯಿದೆ ರೇಟೇ ಹಾಕಿದೆವು, 263. ಎರಡು ತಿಂಗಳ ಮೇಲೆ ಕೊಟ್ಟರು. ಹೆಚ್ಚಿನ ಆರು ರೂಪಾಯಿ ದುಡ್ಡು ಹಾಕಿದವರಿಗೆ ಹೋಯಿತು, ಎಲ್ಲ ಸೇರಿ 63 ರೂಪಾಯಿ. ಬಾಡಿಗೆಯ ಪಾಲು ಅವರೂ ಎಲ್ಲರ ಹಾಗೇ ಕೊಟ್ಟರು. ಯಾರ ಹಂಗೂ ಇಲ್ಲ, ಲೆಕ್ಕ ಸರಿ. ಗುಂಪಿನಲ್ಲಿ ತರುವವರು ಹೀಗೆ ಎರಡು ರೇಟು ಇಟ್ಟುಕೊಳ್ಳಿ. ಮೊದಲು ಕೊಟ್ಟವರಿಗೂ ಅನ್ಯಾಯ ಆಗುವುದಿಲ್ಲ, ಆಮೇಲೆ ಕೊಡುವವರೂ ತಲೆ ತಗ್ಗಿಸಬೇಕಾಗಿಲ್ಲ.

ಇನ್ನು, ಹೆಚ್ಚು ತಂದರೆ ಕಡಿಮೆಗೆ ಸಿಗುತ್ತದೆ ಅಂತ ಎಲ್ಲದಕ್ಕೂ ಹೀಗೆ ಮಾಡಬೇಡಿ. ತುತ್ತ ಕೆಡುವ ಮಾಲಲ್ಲ. ಒಳಗಿನ ಪ್ಲಾಸ್ಟಿಕ್ ಕಟ್ಟಿ, ಹಲಗೆ ಮೇಲೆ, ದನಕರು ಮಕ್ಕಳ ಕೈಗೆ ಸಿಗದ ಕಡೆ ಇಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ. ಕಬ್ಬಿಣದ ಡಬ್ಬಿಯಲ್ಲಿ ಮಾತ್ರ ಇಡಬಾರದು, ಡಬ್ಬಿ ತಿಂದುಹಾಕುತ್ತದೆ. ಸುಣ್ಣ ಹಾಗಲ್ಲ. ಸುಟ್ಟ ಸುಣ್ಣ ಗಾಳಿಯ ತೇವ ಎಳೆದುಕೊಂಡು ತಾನಾಗಿ ಅರಳಿ ಪುಡಿಯಾಗುತ್ತದೆ, ಸತ್ವ ಹೋಗುತ್ತದೆ. ಅಂಥ ಸುಣ್ಣ ಅಳತೆ ಪ್ರಕಾರ ಹಾಕಿದರೂ ತುತ್ತದ ಹುಳಿ ಮುರಿಯುವುದಿಲ್ಲ, ಕಾಯಿಗೆ ಕಲೆ ಬೀಳುತ್ತದೆ. ಆ ಅಂಗಡಿಯವರು ಸುಣ್ಣಕ್ಕೂ ಎಂಟು ಚೀಲದ ರೇಟು ಹೇಳಿದ್ದರು. ನಾವು ತಗೊಳ್ಳಲಿಲ್ಲ. ಹೊಡೆಯುವ ವಾರ ಇಲ್ಲೇ ಪೇಟೆಯಲ್ಲಿ ಹೊಸ ಸುಣ್ಣ ತರುತ್ತೇವೆ, ರೇಟು ನಾಲ್ಕಾಣೆ ಜಾಸ್ತಿಯಾದರೂ.

ಪೇಟೆಯ ಅಂಗಡಿಯವರು ಬೇಜಾರು ಮಾಡಿಕೊಳ್ಳಲಿಲ್ಲವಾ ಅಂತ ಒಬ್ಬರು ಕೇಳಿದ್ದರು. ಸ್ವಲ್ಪ ಆಯಿತು. ಅಡಿಕೆ ರೇಟು ಬಿದ್ದ ವರ್ಷ ಒಂದು ಚೀಟಿ ಇಲ್ಲದೆ ಮಾಲು ಕೊಟ್ಟು ಕಾದವರು ಅವರು. ಅದಕ್ಕೇ ಸುಣ್ಣ, ಅಂಟು, ಗೊಬ್ಬರ ಎಲ್ಲ ಅವರಲ್ಲೇ ಮುಂದುವರಿಸಿದ್ದೇವೆ. ಈ ವರ್ಷ ಅವರ ಹತ್ರವೂ ಇದೇ ಲೆಕ್ಕ ಇಟ್ಟು ಕೇಳಿದೆ: ಎಂಟು ಚೀಲ, ಏಪ್ರಿಲಿನಲ್ಲಿ, ಪೂರ್ತಿ ದುಡ್ಡು, ನಮಗೆ ಮನೆ ಬಾಗಿಲಿಗೆ ಬೀಳುವ ಖರ್ಚು ಇಷ್ಟು, ಅದಕ್ಕೆ ಹತ್ತಿರ ಕೊಡ್ತೀರಾ? ಹೋದ ವರ್ಷದ ನಮ್ಮ 257ಕ್ಕೆ ಬಾಡಿಗೆ ಏಳೂವರೆ ಸೇರಿಸಿದರೆ 264 ರೂಪಾಯಿ 50 ಪೈಸೆ. ಅವರು ಕೊಟ್ಟರೆ ನಾವು ಶಿವಮೊಗ್ಗಕ್ಕೆ ಹೋಗುವುದೇ ಬೇಡ. ಈ ವರ್ಷದ ತಾಮ್ರದ ರೇಟು ನೋಡಿ ಹೇಳ್ತೇನೆ ಅಂದಿದ್ದಾರೆ.

ನಿಮ್ಮ ಕೇರಿಯವರು ಸೇರಿ ತರುವುದಾದರೆ ಮೊದಲು ಎಕರೆ ಲೆಕ್ಕ ಬರೆದುಕೊಳ್ಳಿ, ಆಮೇಲೆ ದುಡ್ಡು ಎತ್ತಿ, ಆಮೇಲೆ ಫೋನ್ ಮಾಡಿ. ನಿಮ್ಮ ಕಡೆ ಈ ವಾರ ಎಷ್ಟು ರೇಟು ಹೇಳ್ತಿದ್ದಾರೆ, ಜಿಎಸ್‌ಟಿ ಸೇರಿಸಿಯೋ ಬಿಟ್ಟೋ, ಕೆಳಗೆ ಬರೆದರೆ ಎಲ್ಲರಿಗೂ ಉಪಯೋಗ.